ಶ್ರಮಕ್ಕೆ ಅಂಕ ಕೊಡುವುದು ಕಾಲೋ, ತಲೆಯೋ?

ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಬ್ಯಾಂಗರ್ ವಿಶ್ವವಿದ್ಯಾಲಯಕ್ಕೆ 16 ಮಂದಿ ಆರೋಗ್ಯವಂತರು ಎರಡು ಬೇರೆ ಬೇರೆ ದಿನ ಬಂದರು. ಎರಡು ದಿನವೂ ಅವರು ಮಾಡಬೇಕಾದ ಮುಖ್ಯ ಕೆಲಸ ಒಂದೇ. ನಿಂತಲ್ಲೇ ನಿಂತಿರುವ ವ್ಯಾಯಾಮದ ಸೈಕಲ್ಲನ್ನು, ತಮ್ಮ ಗರಿಷ್ಠ ಸಾಮರ್ಥ್ಯದ 80 ಶೇಕಡಾ ಭಾರದಲ್ಲಿ, ಇನ್ನು ಆಗದು ಎನ್ನುವವರೆಗೆ ತುಳಿಯುವುದು. ವ್ಯತ್ಯಾಸ ಇದ್ದದ್ದು ಅದಕ್ಕೆ ಮೊದಲಿನ ಒಂದೂವರೆ ಗಂಟೆಯಲ್ಲಿ. ಒಂದು ದಿನ ಕುರ್ಚಿಯಲ್ಲಿ ಕೂತು ರೈಲು, ಕಾರುಗಳ ಬಗೆಗಿನ ಸಾಕ್ಷ್ಯಚಿತ್ರ ನೋಡಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಕಂಪ್ಯೂಟರ್ ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವ ಅಕ್ಷರಗಳನ್ನು ಗಮನಿಸಿ, ಗೊತ್ತುಮಾಡಿದ ಜೋಡಿ ಬಂದಾಗ ಒಂದು ಗುಂಡಿ, ಬಾರದಿದ್ದಾಗ ಇನ್ನೊಂದು ಗುಂಡಿ ಒತ್ತಿದರು. ಗಮನ ಕ್ಷಣವೂ ತಪ್ಪುವಂತಿರಲಿಲ್ಲ.

ಸಾಕ್ಷ್ಯಚಿತ್ರ ನೋಡಿದ ದಿನ ಅವರು ಸರಾಸರಿ 754 ಸೆಕೆಂಡು ಸೈಕಲ್ ತುಳಿದರು. ಅಕ್ಷರ ಕಾಯ್ದ ದಿನ 640 ಸೆಕೆಂಡಿಗೇ ಕಾಲು ನಿಂತಿತು. ಅಂದರೆ ಹೆಚ್ಚುಕಡಿಮೆ ಎರಡು ನಿಮಿಷ ಮೊದಲೇ. ಕುರ್ಚಿಯಲ್ಲಿ ಕೂತ ಕಾಲಿಗೆ ಎರಡು ದಿನವೂ ಕೆಲಸವಿರಲಿಲ್ಲ. ಸೈಕಲ್ ಮೇಲಿದ್ದಾಗ ಹೃದಯದ ಬಡಿತ, ಆಮ್ಲಜನಕದ ಬಳಕೆ, ರಕ್ತದ ಲ್ಯಾಕ್ಟೇಟ್ ಯಾವುದರಲ್ಲೂ ಈ ಎರಡು ನಿಮಿಷವನ್ನು ವಿವರಿಸುವಂಥ ವ್ಯತ್ಯಾಸ ಕಾಣಲಿಲ್ಲ. ಬದಲಾಗಿದ್ದದ್ದು ಅವರೇ ಬಾಯಿಬಿಟ್ಟು ಹೇಳಿದ ಒಂದು ಸಂಖ್ಯೆ. 'ಈಗ ಎಷ್ಟು ಕಷ್ಟ ಅನಿಸುತ್ತಿದೆ?' ಎಂಬ ಪ್ರಶ್ನೆಗೆ ಮನಸ್ಸು ದಣಿದಿದ್ದ ದಿನ ಅವರು ಮೊದಲಿನಿಂದಲೇ ಹೆಚ್ಚಿನ ಅಂಕ ಕೊಟ್ಟಿದ್ದರು. ಸೈಕಲ್ ನಿಲ್ಲಿಸುವ ಹೊತ್ತಿಗೆ ಎರಡು ದಿನವೂ ಅಂಕ ಮುಟ್ಟಿದ್ದು ಅದೇ ತುದಿಯನ್ನು. ದಣಿದ ದಿನ ಅದು ಅಲ್ಲಿಗೆ ಬೇಗ ತಲುಪಿತ್ತು, ಅಷ್ಟೇ. ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು ಇದನ್ನು 2009ರಲ್ಲಿ ಪ್ರಕಟಿಸಿದಾಗ ವ್ಯಾಯಾಮ ವಿಜ್ಞಾನದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಸ್ನಾಯುವಿನಲ್ಲಿ ಏನೂ ಬದಲಾಗದೆ ಶ್ರಮ ಹೆಚ್ಚಾಗುವುದಾದರೆ, ಆ ಶ್ರಮದ ಅನುಭವ ಹುಟ್ಟುವುದೆಲ್ಲಿ?

ಆ ಸಂಖ್ಯೆಯ ಹಿಂದೆ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅವರ ದಶಕಗಳ ದುಡಿಮೆಯಿದೆ. ಕಷ್ಟವನ್ನು ಅಳೆಯಲು ಸಾಧ್ಯವೇ ಎಂದು ಅವರು 1950ರ ದಶಕದ ಕೊನೆಯಿಂದಲೇ ಸೈಕಲ್ ಮೇಲೆ ಜನರನ್ನು ಕೂರಿಸಿ ಪರೀಕ್ಷಿಸತೊಡಗಿದ್ದರು. ಆಗ ಸಿಕ್ಕ ಒಂದು ಫಲಿತಾಂಶ ಇಂದಿಗೂ ಯೋಚಿಸುವಂತೆ ಮಾಡುತ್ತದೆ. ಸೈಕಲ್ಲಿನ ಭಾರವನ್ನು ಎರಡು ಪಟ್ಟು ಮಾಡಿದರೆ ತುಳಿಯುವವನ ಅನುಭವದಲ್ಲಿ ಕಷ್ಟ ಎರಡು ಪಟ್ಟಲ್ಲ, ಸುಮಾರು ಮೂರು ಪಟ್ಟಾಗುತ್ತದೆ. ಯಂತ್ರ ತೋರಿಸುವ ವ್ಯಾಟ್ ಒಂದು ಲೆಕ್ಕದಲ್ಲಿ ಏರಿದರೆ, ಒಳಗಿನ ಅನುಭವ ಬೇರೆಯದೇ ಲೆಕ್ಕದಲ್ಲಿ ಏರುತ್ತದೆ.

ಬೋರ್ಗ್ ಕೊನೆಗೆ ರೂಪಿಸಿದ ಮಾಪಕ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. 6 ಎಂದರೆ ಸುಮ್ಮನೆ ಕೂತಂತೆ, ಯಾವ ಶ್ರಮವೂ ಇಲ್ಲ. 9 ಬಹಳ ಹಗುರ, 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ಬಹಳ ಕಷ್ಟ, 19 ವಿಪರೀತ ಕಷ್ಟ, 20 ಎಂದರೆ ಇನ್ನು ಮೇಲೆ ಏನೂ ಉಳಿದಿಲ್ಲ. 6ರಿಂದ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಆರೋಗ್ಯವಾಗಿರುವ, ಹೆಚ್ಚು ವಯಸ್ಸಾಗದ ಮನುಷ್ಯನ ಅಂಕವನ್ನು ಹತ್ತರಿಂದ ಗುಣಿಸಿದರೆ ಆ ಹೊತ್ತಿನ ಹೃದಯ ಬಡಿತ ಸುಮಾರಾಗಿ ಸಿಗಲಿ ಎಂಬುದು ಬೋರ್ಗ್ ಉದ್ದೇಶ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60, ತುದಿಯಲ್ಲಿ 200. 13 ಎಂದವನ ಬಡಿತ 130ರ ಆಸುಪಾಸಿನಲ್ಲಿ ಇರಬೇಕು. ವಯಸ್ಸಾದಂತೆ ಗರಿಷ್ಠ ಬಡಿತ ಇಳಿಯುವುದರಿಂದ ಈ ಗುಣಾಕಾರ ಹಿರಿಯರಿಗೆ ಹೊಂದುವುದಿಲ್ಲ. ಮುಂದೆ ಅವರೇ 0ಯಿಂದ 10ರ ಇನ್ನೊಂದು ಮಾಪಕವನ್ನೂ ಮಾಡಿದರು. ಜಿಮ್‌ಗಳಲ್ಲಿ, ಕ್ರೀಡಾ ತಂಡಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವುದು ಅದೇ.

ಇಷ್ಟು ಸರಳ ಪ್ರಶ್ನೆಯ ಹಿಂದೆ ಹಳೆಯ ಜಗಳವೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ವಿಲ್ಹೆಲ್ಮ್ ವುಂಟ್ ಮತ್ತಿತರರು, ಸ್ನಾಯುವಿಗೆ ಹೊರಟ ಆಜ್ಞೆಯ ಬಲವನ್ನು ಮನಸ್ಸು ನೇರವಾಗಿ ಅನುಭವಿಸುತ್ತದೆ ಎಂದರು. ಅಮೆರಿಕದ ವಿಲಿಯಂ ಜೇಮ್ಸ್ ಒಪ್ಪಲಿಲ್ಲ. ಬಿಗಿದ ಸ್ನಾಯು, ಹಿಡಿದ ಉಸಿರು, ಕಚ್ಚಿದ ಹಲ್ಲು ಇವುಗಳಿಂದ ಮಿದುಳಿಗೆ ಮರಳಿ ಬರುವ ಸುದ್ದಿಯನ್ನೇ ನಾವು ಶ್ರಮ ಎನ್ನುತ್ತೇವೆ ಎಂಬುದು ಅವರ ವಾದ. ನಮ್ಮಲ್ಲಿ ಬಹುತೇಕರು ಯೋಚಿಸದೆಯೇ ಜೇಮ್ಸ್ ಪಕ್ಷದಲ್ಲಿರುತ್ತೇವೆ. ಮೆಟ್ಟಿಲು ಹತ್ತಿ ಏದುಸಿರು ಬಂದಾಗ, ತೊಡೆ ಉರಿದಾಗ, ಕಷ್ಟ ಅಲ್ಲೇ ಇದೆ ಎಂದು ಕೈ ತೋರಿಸುತ್ತೇವೆ.

ಇದನ್ನು ಅಲುಗಾಡಿಸುವ ಸಾಕ್ಷ್ಯವೊಂದು ಒಬ್ಬ ವಿಜ್ಞಾನಿಯ ಸ್ವಂತ ಕಾಯಿಲೆಯಿಂದ ಬಂತು. ನಾರ್ವೆಯ ಓಸ್ಲೋದಲ್ಲಿದ್ದ ಆಲ್ಫ್ ಬ್ರೋಡಾಲ್ ಮಿದುಳಿನ ಅಂಗರಚನೆಯಲ್ಲಿ ಜಗತ್ತಿಗೇ ಪರಿಚಿತರಾದ ತಜ್ಞರು. 1972ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಬಲಹೀನವಾಯಿತು. ಚೇತರಿಸಿಕೊಳ್ಳುತ್ತಲೇ ತಮ್ಮನ್ನು ತಾವು ಗಮನಿಸಿ, ಅದನ್ನೆಲ್ಲ 1973ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಲೇಖನವಾಗಿ ಬರೆದರು. ಅವರನ್ನು ಹೆಚ್ಚು ಚಕಿತಗೊಳಿಸಿದ ಸಂಗತಿಗಳಲ್ಲಿ ಒಂದು, ಬಲಹೀನ ಸ್ನಾಯುವೊಂದನ್ನು ಅಲುಗಿಸಲು ಬೇಕಾಗುತ್ತಿದ್ದ ಮಾನಸಿಕ ಶಕ್ತಿ. ಕೈಬೆರಳು ಕೊಂಚವೇ ಅಲುಗುತ್ತಿತ್ತು, ಶ್ರಮ ಮಾತ್ರ ಅಪಾರವಾಗಿತ್ತು. ಕೆಲಸವನ್ನೇ ಮಾಡದ ಸ್ನಾಯುವಿನಿಂದ ಅಷ್ಟು ದೊಡ್ಡ ದಣಿವಿನ ಸುದ್ದಿ ಬರುವುದಾದರೂ ಹೇಗೆ? ಹಾನಿಯಾದ ದಾರಿಯಲ್ಲಿ ಆಜ್ಞೆ ದಾಟಿಸಲು ಮಿದುಳು ಮಾಡುತ್ತಿದ್ದ ಹೆಚ್ಚುವರಿ ಪ್ರಯತ್ನವೇ ಶ್ರಮವಾಗಿ ಅನುಭವಕ್ಕೆ ಬಂದಿರಬೇಕು.

ಪ್ರಯೋಗಾಲಯದಲ್ಲೂ ಇದನ್ನು ಬೇರೊಂದು ಬಗೆಯಲ್ಲಿ ತೋರಿಸಬಹುದು. ಕ್ಯೂರಾರೆ ಎಂಬುದು ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ. ನರದ ಆಜ್ಞೆ ಸ್ನಾಯುವಿಗೆ ದಾಟುವ ಜಾಗದಲ್ಲೇ ಅದು ತಡೆ ಒಡ್ಡುತ್ತದೆ. ಅದೇ ಬಗೆಯ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಸ್ನಾಯು ಪೂರ್ತಿ ನಿಲ್ಲದೆ ದುರ್ಬಲವಾಗುತ್ತದೆ. ಆಗ ಮೊದಲಿನಷ್ಟೇ ಕೆಲಸ ಮಾಡಿಸಿದರೂ ಜನ ಹೇಳುವ ಅಂಕ ಏರುತ್ತದೆ. ಹೊರಗಿನ ಕೆಲಸ ಅಷ್ಟೇ ಇದೆ. ಆದರೆ ಅದನ್ನು ಮಾಡಿಸಲು ಮಿದುಳು ಇನ್ನೂ ಗಟ್ಟಿಯಾಗಿ ಆಜ್ಞೆ ಕೊಡಬೇಕಾಗಿದೆ. ಇದಕ್ಕೆ ತಿರುವುಮುರುವಾದ ಪ್ರಯೋಗವೂ ಆಗಿದೆ. ಹೆರಿಗೆಯ ಹೊತ್ತಿನಲ್ಲಿ ಕೊಡುವಂತೆ ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಕೊಟ್ಟು, ಕಾಲಿನ ಸಂವೇದನೆ ಮೇಲೆ ಹೋಗದಂತೆ ತಡೆದು ಸೈಕಲ್ ತುಳಿಸಿದ್ದಾರೆ. ಜೇಮ್ಸ್ ಸರಿಯಾಗಿದ್ದರೆ ಅಂಕ ಕುಸಿಯಬೇಕಿತ್ತು. ಅದು ಕುಸಿಯಲಿಲ್ಲ. ಮದ್ದಿನಿಂದ ಕಾಲಿನ ಬಲವೂ ತಗ್ಗಿದಾಗ ಶ್ರಮ ಇನ್ನೂ ಹೆಚ್ಚೇ ಅನಿಸಿತು.

ಹಾಗಾದರೆ ಮಿದುಳಿಗೆ ತನ್ನ ಆಜ್ಞೆ ಎಷ್ಟು ಗಟ್ಟಿಯಾಗಿತ್ತು ಎಂದು ತಿಳಿಯುವುದು ಹೇಗೆ? ತಾಲ್ಲೂಕು ಕಚೇರಿಯಿಂದ ಹಳ್ಳಿಗೆ ಆದೇಶ ಹೊರಟಾಗ ಅದರ ಪ್ರತಿಯೊಂದು ಕಚೇರಿಯ ಕಡತದಲ್ಲೇ ಉಳಿಯುತ್ತದಲ್ಲ, ಇಲ್ಲಿ ನಡೆಯುವುದೂ ಹಾಗೆಯೇ ಎಂದು ನರವಿಜ್ಞಾನಿಗಳು ಭಾವಿಸುತ್ತಾರೆ. ಚಲನೆಯ ಕೇಂದ್ರಗಳಿಂದ ಬೆನ್ನುಹುರಿಯತ್ತ ಆಜ್ಞೆ ಹೊರಡುವಾಗಲೇ ಅದರ ನಕಲು ಮಿದುಳಿನ ಸಂವೇದನಾ ಭಾಗಗಳಿಗೂ ಹೋಗುತ್ತದೆ. ಆ ನಕಲನ್ನು ಓದಿಕೊಂಡಾಗ ಮೂಡುವ ಅನುಭವವೇ ಶ್ರಮ. ಕಾಲು ದಣಿದಾಗ ಅದೇ ಕೆಲಸಕ್ಕೆ ಹೆಚ್ಚು ಸ್ನಾಯು ತಂತುಗಳನ್ನು ಎಬ್ಬಿಸಬೇಕಾಗುತ್ತದೆ, ಆಜ್ಞೆ ಬಲವಾಗುತ್ತದೆ, ನಕಲೂ ಬಲವಾಗುತ್ತದೆ. ಬೆಟ್ಟ ಹತ್ತುವಾಗ ಕೊನೆಯ ನೂರು ಮೆಟ್ಟಿಲು ಮೊದಲ ನೂರಕ್ಕಿಂತ ಕಷ್ಟವೆನಿಸುವುದಕ್ಕೆ ಈ ವಾದದ ವಿವರಣೆ ಇದು.

ಮಾರ್ಕೋರಾ ಮತ್ತು ಹೆಲ್ಮಾ ಡಿ ಮೊರೀ ಇದನ್ನು ತಲೆಯ ಮೇಲಿನಿಂದಲೇ ಅಳೆಯಲು ಹೊರಟರು. ಮೊದಲು ಒಂದು ತೋಳನ್ನು ಮಾತ್ರ ವ್ಯಾಯಾಮದಿಂದ ದಣಿಸಿದರು. ಆಮೇಲೆ ದಣಿದ ತೋಳಿನಿಂದಲೂ ದಣಿಯದ ತೋಳಿನಿಂದಲೂ ಹಗುರವಾದ ಮತ್ತು ಭಾರವಾದ ತೂಕಗಳನ್ನು ಎತ್ತಿಸಿ, ಇಇಜಿ ತಂತಿಗಳಿಂದ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸಿದರು. ತೂಕ ಹೆಚ್ಚಿದ್ದಾಗ ಚಲನೆಗೆ ಸಂಬಂಧಿಸಿದ ಅಲೆ ದೊಡ್ಡದಾಯಿತು. ದಣಿದ ತೋಳು ಎತ್ತಿದಾಗಲೂ ದೊಡ್ಡದಾಯಿತು. ಜನ ಹೇಳಿದ ಅಂಕ ಈ ಅಲೆಯ ಜೊತೆಜೊತೆಗೇ ಏರಿಳಿಯಿತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವುದು ದಣಿದ ತೋಳಿನ ಫಲಿತಾಂಶ. ತೂಕ ಅದೇ ಇದ್ದರೂ ಆಜ್ಞೆ ಬೇರೆಯಾಗಿತ್ತು, ಅಂಕ ಹೋದದ್ದು ಆಜ್ಞೆಯ ಹಿಂದೆ.

ಆದರೂ ಎರಡು ಸಂಗತಿ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು. ಆ ಕೊರತೆಯನ್ನು ತುಂಬಲು ಬೆಲ್ಜಿಯಂನ ಅಲೆಕ್ಸಾಂಡ್ರ್ ಝೆನೋನ್ ಮತ್ತು ಸಂಗಡಿಗರು 2015ರಲ್ಲಿ ನಡೆಸಿದ ಪ್ರಯೋಗ ಬಹಳ ಅಚ್ಚುಕಟ್ಟಾದದ್ದು. ನೆತ್ತಿಯ ಕೆಳಗೆ, ಮಿದುಳಿನ ಎರಡು ಅರ್ಧಗಳು ಸೇರುವಲ್ಲಿ, ಸಪ್ಲಿಮೆಂಟರಿ ಮೋಟಾರ್ ಏರಿಯಾ ಎಂಬ ಭಾಗವಿದೆ. ಚಲನೆಯನ್ನು ಸಿದ್ಧಪಡಿಸುವ ಕೆಲಸದಲ್ಲಿ ಅದರದು ದೊಡ್ಡ ಪಾಲು. ಅದರ ಹಿಂದೆ, ಸ್ನಾಯುಗಳಿಗೆ ಕೊನೆಯ ಆಜ್ಞೆ ಕಳಿಸುವ ಪ್ರೈಮರಿ ಮೋಟಾರ್ ಕಾರ್ಟೆಕ್ಸ್ ಇದೆ. ಕಾಂತೀಯ ಸ್ಪಂದನಗಳಿಂದ ಇವುಗಳ ಕೆಲಸವನ್ನು ಸ್ವಲ್ಪ ಹೊತ್ತು ಕದಡಿ, ಆಮೇಲೆ ಕೈಯಲ್ಲಿ ಹಿಡಿಕೆಯೊಂದನ್ನು ಅಮುಕಿಸಿದರು. ಮೊದಲನೆಯ ಭಾಗ ಕದಡಿದಾಗ ಜನರಿಗೆ ಶ್ರಮ ಕಡಿಮೆ ಅನಿಸಿತು. ಎರಡನೆಯದನ್ನು ಕದಡಿದಾಗ ಹಾಗಾಗಲಿಲ್ಲ.

ಬಾಯಿಮಾತನ್ನಷ್ಟೇ ನಂಬದೆ ಅವರು ಬೇರೆ ದಾರಿಗಳಿಂದಲೂ ಪರೀಕ್ಷಿಸಿದರು. ಇಷ್ಟು ಬಹುಮಾನ ಕೊಟ್ಟರೆ ಅದೇ ಶ್ರಮವನ್ನು ಮತ್ತೆ ಪಡುತ್ತೀರಾ ಎಂದು ಕೇಳಿದರು, ಕಣ್ಣಿನ ಪಾಪೆ ಎಷ್ಟು ಅರಳುತ್ತದೆ ಎಂದು ಅಳೆದರು. ಎಲ್ಲ ಅಳತೆಗಳೂ ಒಂದೇ ಕಡೆ ಬೆರಳು ಮಾಡಿದವು. ಅಂದರೆ ಶ್ರಮದ ಅನುಭವಕ್ಕೆ ಬೇಕಾದ ಸಂಕೇತ ಹೊರಡುವುದು ಕೊನೆಯ ಆಜ್ಞೆ ಹೊರಡುವ ಜಾಗದಿಂದಲ್ಲ, ಅದಕ್ಕೂ ಒಂದು ಮೆಟ್ಟಿಲು ಮೇಲಿನಿಂದ.

ಇಷ್ಟಾದ ಮೇಲೆ ಸ್ನಾಯುವಿನ ಸುದ್ದಿಗೆ ಬೆಲೆಯೇ ಇಲ್ಲವೇ? ಇದೆ. ಇಲ್ಲಿ ಮಾರ್ಕಸ್ ಆಮನ್ ಮತ್ತು ಸಂಗಡಿಗರ ಪ್ರಯೋಗವನ್ನು ಮರೆಯುವಂತಿಲ್ಲ. ಅದು ಪ್ರಕಟವಾದದ್ದೂ 2009ರಲ್ಲೇ. ಪಳಗಿದ ಸೈಕಲ್ ಸ್ಪರ್ಧಿಗಳ ಬೆನ್ನುಹುರಿಯ ಬಳಿ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಕೊಟ್ಟರು. ಕಾಲಿನ ಬಲ ಕುಗ್ಗಲಿಲ್ಲ. ಕಾಲಿನಿಂದ ಮೇಲೆ ಹೋಗುವ, ಸ್ನಾಯುವಿನ ರಾಸಾಯನಿಕ ಸ್ಥಿತಿಯನ್ನು ತಿಳಿಸುವ ಸೂಕ್ಷ್ಮ ನರಗಳ ಸುದ್ದಿ ಮಾತ್ರ ತಡೆಯಿತು. ಆಮೇಲೆ 5 ಕಿಲೋಮೀಟರ್ ಸ್ಪರ್ಧೆ. ಮದ್ದು ಪಡೆದ ದಿನ ಅವರು ಮೊದಲರ್ಧದಲ್ಲಿ ಎಂದಿಗಿಂತ ಜೋರಾಗಿ ನುಗ್ಗಿದರು, ಎರಡನೆಯ ಅರ್ಧದಲ್ಲಿ ಕುಸಿದರು. ಒಟ್ಟು ಸಮಯದಲ್ಲಿ ಲಾಭವೇನೂ ಆಗಲಿಲ್ಲ. ತೊಡೆಯ ಸ್ನಾಯುಗಳು ಮಾತ್ರ ಮಾಮೂಲಿಗಿಂತ ಎಷ್ಟೋ ಹೆಚ್ಚು ಬಳಲಿದ್ದವು. ಕೆಲವರಿಗೆ ಸೈಕಲ್ಲಿನಿಂದ ಇಳಿಯುವುದಕ್ಕೂ ನೆರವು ಬೇಕಾಯಿತು.

ಸ್ನಾಯುವಿನಿಂದ ಬರುವ ಸುದ್ದಿ ಓಟದ ವೇಗವನ್ನು ಹಿಡಿತದಲ್ಲಿಡುತ್ತದೆ, ಉಸಿರು ಮತ್ತು ರಕ್ತದೊತ್ತಡವನ್ನು ಹೊಂದಿಸುತ್ತದೆ, ನೋವನ್ನು ಉಂಟುಮಾಡುತ್ತದೆ. ನೋವು ಮತ್ತು ಶ್ರಮ ಬೇರೆ ಬೇರೆ ಎಂಬುದು ಮಾರ್ಕೋರಾ ಪಕ್ಷದ ವಾದ. ಸ್ನಾಯುವಿನ ಸುದ್ದಿಯೂ ಆಜ್ಞೆಯ ನಕಲೂ ಸೇರಿಯೇ ಅಂಕ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಈ ಚರ್ಚೆ ಮುಗಿದಿಲ್ಲ. ಆದರೆ ಕಾಲಿನ ಸುದ್ದಿ ಇಲ್ಲದಾಗಲೂ ಶ್ರಮ ಉಳಿಯುತ್ತದೆ, ಆಜ್ಞೆ ಬಲವಾದಾಗ ಏರುತ್ತದೆ ಎಂಬ ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಆಜ್ಞೆಯ ಪಕ್ಷವೇ ಗಟ್ಟಿಯಾಗಿ ಕಾಣುತ್ತದೆ.

ಬ್ಯಾಂಗರ್‌ನ ದಣಿದ ಮನಸ್ಸಿಗೆ ಉತ್ತರ ಇನ್ನೂ ಪೂರ್ಣವಾಗಿ ಸಿಕ್ಕಿಲ್ಲ. ಒಂದು ಊಹೆ ಅಡಿನೋಸಿನ್ ಎಂಬ ರಾಸಾಯನಿಕದತ್ತ ಬೆರಳು ತೋರಿಸುತ್ತದೆ. ಮಿದುಳು ದುಡಿದಂತೆ ಅದು ಸಂಗ್ರಹವಾಗುತ್ತದೆ, ನಿದ್ದೆ ಬರಿಸುವುದರಲ್ಲೂ ಅದರ ಪಾತ್ರವಿದೆ. ಗಮನ ಮತ್ತು ಪ್ರಯತ್ನಕ್ಕೆ ಸಂಬಂಧಿಸಿದ, ಮಿದುಳಿನ ಮುಂಭಾಗದ ಒಳಮೈಯಲ್ಲಿರುವ ಕೇಂದ್ರಗಳಲ್ಲಿ ಅದು ಹೆಚ್ಚಾದರೆ ಅದೇ ಕೆಲಸ ಭಾರವೆನಿಸಬಹುದು. ಕಾಫಿಯಲ್ಲಿರುವ ಕೆಫೀನ್ ಅಡಿನೋಸಿನ್‌ಗೆ ಅಡ್ಡಗಟ್ಟುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಕೆಫೀನ್ ಪಡೆದವರು ವ್ಯಾಯಾಮದ ವೇಳೆ ಕೊಟ್ಟ ಅಂಕ ಸುಮಾರು 6 ಶೇಕಡಾ ಕಡಿಮೆ ಇತ್ತು. ಡಿ ಮೊರೀ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಕೆಫೀನ್ ಪಡೆದಾಗ ಚಲನೆಗೆ ಸಂಬಂಧಿಸಿದ ಇಇಜಿ ಅಲೆಯೂ ಚಿಕ್ಕದಾಗಿತ್ತು. ಇಂಥ ಪ್ರಯೋಗಗಳಲ್ಲಿ ಕೊಡುವ ಪ್ರಮಾಣ ಸಾಮಾನ್ಯವಾಗಿ ದೇಹದ ತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 180ರಿಂದ 360 ಮಿಲಿಗ್ರಾಂ. ಅದು ಬೆಳಗಿನ ಒಂದು ಲೋಟ ಕಾಫಿಯ ಲೆಕ್ಕವಲ್ಲ ಎಂಬುದು ನೆನಪಿರಲಿ.

ಮನಸ್ಸಿನ ದಣಿವಿನ ಪರಿಣಾಮವನ್ನೂ ಉತ್ಪ್ರೇಕ್ಷಿಸಬಾರದು. ಕೆಲವೇ ಸೆಕೆಂಡುಗಳ ಪೂರ್ಣಬಲದ ಓಟದಲ್ಲಿ, ಒಂದು ಬಾರಿಯ ಭಾರ ಎತ್ತುವಿಕೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ದೀರ್ಘ ವ್ಯಾಯಾಮದಲ್ಲೂ ಪರಿಣಾಮ ಮೊದಲು ತೋರಿದಷ್ಟು ದೊಡ್ಡದಲ್ಲ ಎಂದು ನಂತರದ ವಿಶ್ಲೇಷಣೆಗಳು ಎಚ್ಚರಿಸಿವೆ.

ಮಾಪಕದ ಬೆಲೆ ಅತಿ ಸ್ಪಷ್ಟವಾಗಿ ತಿಳಿಯುವುದು ಹೃದ್ರೋಗಿಗಳ ವಿಷಯದಲ್ಲಿ. 60 ವರ್ಷದ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ, ಬೀಟಾ ಬ್ಲಾಕರ್ ಮಾತ್ರೆ ನಡೆದಿದೆ ಎಂದಿಟ್ಟುಕೊಳ್ಳೋಣ. 220ರಿಂದ ವಯಸ್ಸನ್ನು ಕಳೆಯುವ ಪ್ರಚಲಿತ ಸೂತ್ರದಂತೆ ಅವರ ಗರಿಷ್ಠ ಬಡಿತ 160, ಅದರ 60ರಿಂದ 70 ಶೇಕಡಾ ಎಂದರೆ 96ರಿಂದ 112. ಆದರೆ ಆ ಮಾತ್ರೆಯ ಕೆಲಸವೇ ಬಡಿತವನ್ನು ತಗ್ಗಿಸುವುದು. ಸೂತ್ರವನ್ನು ನಂಬಿ 110 ಮುಟ್ಟಲು ಹೊರಟರೆ ಅವರು ತಮ್ಮ ಶಕ್ತಿ ಮೀರಿ ನಡೆದುಬಿಡಬಹುದು. ಅಂಥವರಿಗೆ ವೈದ್ಯರು ಬಡಿತದ ಬದಲು 11ರಿಂದ 13ರ ನಡುವೆ ಇರಿ ಎನ್ನುತ್ತಾರೆ. ಹಗುರ ಮತ್ತು ಸ್ವಲ್ಪ ಕಷ್ಟದ ನಡುವಿನ ಆ ನಡಿಗೆಯಲ್ಲಿ ಉಸಿರು ಹೆಚ್ಚಾಗಿದ್ದರೂ ಪಕ್ಕದವರ ಜೊತೆ ಮಾತಾಡಬಹುದು. ಆಜ್ಞೆಯ ನಕಲನ್ನು ಆ ಮಾತ್ರೆ ಬಡಿತದಷ್ಟು ತಗ್ಗಿಸದು, ಅದಕ್ಕೇ ಅಂಕ ಕೆಲಸಕ್ಕೆ ಬರುತ್ತದೆ.

ಅಂಕ ತಪ್ಪುವುದು ಹೆಚ್ಚಾಗಿ ಪ್ರಶ್ನೆ ಸರಿಯಾಗಿ ಅರ್ಥವಾಗದಾಗ. ಮೊಣಕಾಲು ನೋವಿರುವವರು ನೋವಿಗೆ ಅಂಕ ಕೊಟ್ಟುಬಿಡುತ್ತಾರೆ, ದಮ್ಮಿನವರು ಉಸಿರಾಟಕ್ಕೆ. ತರಬೇತುದಾರರ ಎದುರು ಗಟ್ಟಿಗರೆನಿಸಿಕೊಳ್ಳಲು ಕೆಲವರು ಕಡಿಮೆ ಹೇಳುತ್ತಾರೆ. ಟ್ರೆಡ್‌ಮಿಲ್‌ನ ವೇಗ, ಏರು ಎರಡೂ ಹೆಚ್ಚುತ್ತಿದ್ದರೂ ಒಬ್ಬರು 11ಕ್ಕೇ ಅಂಟಿಕೊಂಡಿದ್ದರೆ ಮಾಪಕ ಅವರಿಗೆ ತಿಳಿದಿಲ್ಲ ಎಂದೇ ಅರ್ಥ. ಪರೀಕ್ಷೆಗೆ ಮೊದಲೇ ಎರಡು ತುದಿಗಳನ್ನು ಮನಸ್ಸಿಗೆ ತಂದುಕೊಡಬೇಕು. 6 ಎಂದರೆ ಸುಮ್ಮನೆ ಕೂತಿರುವುದು, 20 ಎಂದರೆ ಬದುಕಿನಲ್ಲಿ ನೀವು ಪಟ್ಟ ಅತಿ ದೊಡ್ಡ ದೈಹಿಕ ಶ್ರಮ. ಬೋರ್ಗ್ ಕೂಡ ತಮ್ಮ ಸೂಚನೆಯಲ್ಲಿ ಒತ್ತಿ ಹೇಳಿದ್ದು ಇದನ್ನೇ. ಇನ್ನೊಬ್ಬರಿಗೆ ಹೋಲಿಸಿಕೊಳ್ಳಬೇಡಿ, ಹೆಚ್ಚೂ ಹೇಳಬೇಡಿ, ಕಡಿಮೆಯೂ ಹೇಳಬೇಡಿ.

ಆರೋಗ್ಯವಾಗಿರುವವರು ಇದನ್ನು ದಿನಚರಿಯಲ್ಲೂ ಬಳಸಬಹುದು. ಅಮೆರಿಕದ ಕಾರ್ಲ್ ಫಾಸ್ಟರ್ ಜನಪ್ರಿಯಗೊಳಿಸಿದ ಲೆಕ್ಕದಲ್ಲಿ, ವ್ಯಾಯಾಮ ಮುಗಿದು ಅರ್ಧ ಗಂಟೆ ಕಳೆದ ಮೇಲೆ ಒಟ್ಟು ಕಷ್ಟಕ್ಕೆ ಹತ್ತರ ಮಾಪಕದಲ್ಲಿ ಒಂದು ಅಂಕ ಕೊಟ್ಟು, ಅದನ್ನು ನಿಮಿಷಗಳಿಂದ ಗುಣಿಸುತ್ತಾರೆ. 40 ನಿಮಿಷದ ಓಟಕ್ಕೆ 5 ಕೊಟ್ಟರೆ ಆ ದಿನದ ಹೊರೆ 200. ಅದೇ ದಾರಿ, ಅದೇ ವೇಗ, ಆದರೆ ಈ ವಾರ 5ರ ಬದಲು 7 ಬರುತ್ತಿದೆಯೆಂದರೆ ನಿದ್ದೆ, ಜ್ವರ, ಬಿಸಿಲು, ಕೆಲಸದ ಒತ್ತಡ ಇವುಗಳಲ್ಲಿ ಯಾವುದೋ ಒಂದು ನಿಮ್ಮನ್ನು ಕಾಡುತ್ತಿದೆ. ಆ ದಿನ ವೇಗ ತಗ್ಗಿಸಿ. ಇನ್ನು ಎದೆನೋವು, ತಲೆಸುತ್ತು, ಕಣ್ಣು ಕತ್ತಲಿಡುವುದು ಇವಕ್ಕೆ ಈ ಮಾಪಕದಲ್ಲಿ ಅಂಕವೇ ಇಲ್ಲ. ಶ್ರಮ 9 ಎಂದು ಅನಿಸುತ್ತಿದ್ದರೂ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕಾಣಿ.